8ಕೆ ಟಿವಿಯೋ, ದೊಡ್ಡ 4ಕೆ ಟಿವಿಯೋ: ಸೋಫಾದಿಂದ ಅಳೆದು ನೋಡಿದ ಲೆಕ್ಕ

ದಾವಣಗೆರೆಯ ನಮ್ಮ ಭಾವ ಹೋದ ದಸರೆಗೆ ಟಿವಿ ಕೊಳ್ಳಲು ಹೊರಟರು. ಮನೆಯಲ್ಲಿದ್ದ 43 ಇಂಚಿನ ಫುಲ್ ಎಚ್‌ಡಿ ಟಿವಿಯಲ್ಲಿ ಎಡಗಡೆ ಒಂದು ಗೆರೆ ಬಿದ್ದು ಆರು ತಿಂಗಳಾಗಿತ್ತು. ಅಂಗಡಿಗೆ ಹೋದವರು 65 ಇಂಚಿನ 8ಕೆ ಟಿವಿಯ ಮುಂದೆ ನಿಂತುಕೊಂಡೇ ನನಗೆ ಫೋನ್ ಮಾಡಿದರು. "ನೋಡಪ್ಪ, ಹತ್ತು ವರ್ಷಕ್ಕೊಂದ್ಸಲ ತಗೊಳ್ಳೋ ಸಾಮಾನು. ಮುಂದೆ ಎಲ್ಲಾ 8ಕೆನೇ ಬರ್ತದಂತೆ. ಈಗ್ಲೇ ತಗೊಂಡ್ರೆ ಆಗಲ್ವಾ?"

ನಾನು ವಿಡಿಯೊ ಎಡಿಟಿಂಗ್ ಮಾಡಿ ಹೊಟ್ಟೆ ಹೊರೆಯುವವನು. ದಿನವೂ 4ಕೆ ಫೈಲುಗಳ ಜೊತೆ ಗುದ್ದಾಡುತ್ತೇನೆ, ಆಗೊಮ್ಮೆ ಈಗೊಮ್ಮೆ 8ಕೆ ಫೈಲೂ ಬರುತ್ತದೆ. ಆದ್ದರಿಂದ ಮನೆಯಲ್ಲಿ ಟಿವಿ ಪ್ರಶ್ನೆ ಬಂದಾಗಲೆಲ್ಲ ಅದು ನನ್ನ ತಲೆಗೇ ಬರುತ್ತದೆ. ಭಾವನ ಮುಂದೆ ಇದ್ದದ್ದು ಮೂರು ದಾರಿ. ಮೂರು ಲಕ್ಷ ದಾಟುವ 65 ಇಂಚಿನ 8ಕೆ ಒಂದು. ಹೆಚ್ಚುಕಮ್ಮಿ ಅದೇ ದುಡ್ಡಿಗೆ ಬರುವ 85 ಇಂಚಿನ ಮಿನಿ ಎಲ್‌ಇಡಿ 4ಕೆ ಇನ್ನೊಂದು. ಎರಡು ಲಕ್ಷದೊಳಗೆ ಮುಗಿಯುವ 65 ಇಂಚಿನ ಓಎಲ್‌ಇಡಿ 4ಕೆ ಮೂರನೆಯದು. "ನೀವು ಅಡ್ವಾನ್ಸ್ ಕೊಡಬೇಡಿ ಭಾವ, ಶನಿವಾರ ನಾನೇ ಬರ್ತೀನಿ" ಅಂದೆ. ಆ ಶನಿವಾರ ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

8ಕೆ ಚಿತ್ರ ಬರುವುದಾದರೂ ಎಲ್ಲಿಂದ?

8ಕೆ ಪರದೆಯಲ್ಲಿ ಅಡ್ಡಕ್ಕೆ 7,680, ಉದ್ದಕ್ಕೆ 4,320 ಚುಕ್ಕಿಗಳಿರುತ್ತವೆ. ಒಟ್ಟು ಸುಮಾರು 3.3 ಕೋಟಿ. 4ಕೆಯಲ್ಲಿ ಸುಮಾರು 83 ಲಕ್ಷ, ಫುಲ್ ಎಚ್‌ಡಿಯಲ್ಲಿ ಸುಮಾರು 21 ಲಕ್ಷ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇನ್ನೂ ಓಡುತ್ತಿರುವ ಎಸ್‌ಡಿ ಚಾನೆಲ್ಲಿನಲ್ಲಿ ಹೆಚ್ಚೆಂದರೆ ನಾಲ್ಕು ಲಕ್ಷದ ಚಿಲ್ಲರೆ.

ಈಗ ಭಾವನ ಮನೆಯಲ್ಲಿ ಯಾರು ಏನು ನೋಡುತ್ತಾರೆ ಎಂದು ಕೂತು ಬರೆದೆವು. ಭಾವನ ತಾಯಿಗೆ ಸಂಜೆ ಆರರಿಂದ ಹತ್ತರವರೆಗೆ ಧಾರಾವಾಹಿ. ಕನ್ನಡದಲ್ಲಿ ಉದಯ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣಗಳಿಗೆ ಎಚ್‌ಡಿ ಚಾನೆಲ್ ಇದೆ. ಸುದ್ದಿ ಚಾನೆಲ್ಲುಗಳು ಅವರ ಪ್ಯಾಕಿನಲ್ಲಿ ಬರುವುದು ಎಸ್‌ಡಿಯಲ್ಲೇ. ಭಾವನಿಗೆ ಕ್ರಿಕೆಟ್. ಮಗಳಿಗೆ ನೆಟ್‌ಫ್ಲಿಕ್ಸ್ ಮತ್ತು ಯೂಟ್ಯೂಬ್. ಅಕ್ಕನಿಗೆ ಹಳೆಯ ಕನ್ನಡ ಚಿತ್ರಗೀತೆ, ಅದೂ ಯೂಟ್ಯೂಬಿನಲ್ಲಿ, ಯಾರೋ ಯಾವುದೋ ಕಾಲದ ಟೇಪಿನಿಂದ ಏರಿಸಿದ್ದು. ಈ ಪಟ್ಟಿಯಲ್ಲಿ 8ಕೆಯಲ್ಲಿ ಸಿಗಬಹುದಾದದ್ದು ಯೂಟ್ಯೂಬ್ ಒಂದೇ. ಅಲ್ಲಿ 2015ರಿಂದ 8ಕೆ ವಿಡಿಯೊ ಏರಿಸಲು ಬರುತ್ತದೆ. ಆದರೆ ಏರಿಸಿದವರು ಏನು ಏರಿಸಿದ್ದಾರೆ? ಹಿಮಪರ್ವತ, ಹೂವು, ಜಪಾನಿನ ರಾತ್ರಿಯ ಬೀದಿ, ಡ್ರೋನ್ ಹಾರಿಸಿ ತೆಗೆದ ಕಡಲತೀರ. ಒಂದು ವಾರ ನೋಡಬಹುದು. ನೆಟ್‌ಫ್ಲಿಕ್ಸಿನ ಅತಿ ದುಬಾರಿ ಪ್ಲಾನ್ ಕೂಡ 4ಕೆಗೇ ನಿಲ್ಲುತ್ತದೆ.

ಪ್ರಸಾರದ ಮಟ್ಟಿಗೆ 8ಕೆಯನ್ನು ನಿಜವಾಗಿ ಕೈಗೆತ್ತಿಕೊಂಡವರು ಜಪಾನಿನ ಎನ್‌ಎಚ್‌ಕೆ. 2018ರ ಡಿಸೆಂಬರ್ 1ರಂದು ಉಪಗ್ರಹದ ಮೂಲಕ ಒಂದು 8ಕೆ ಚಾನೆಲ್ ಶುರು ಮಾಡಿ, 2021ರಲ್ಲಿ ಟೋಕಿಯೊ ಒಲಿಂಪಿಕ್ಸನ್ನೂ ಅದರಲ್ಲಿ ತೋರಿಸಿದರು. ಆ ಒಂದೇ ಚಾನೆಲ್ಲಿಗೆ ಸೆಕೆಂಡಿಗೆ ಸುಮಾರು 100 ಮೆಗಾಬಿಟ್ ಬೇಕು, ಅಂದರೆ ಸಿಗ್ನಲ್ ಹಿಡಿದು ಭೂಮಿಗೆ ಮರಳಿಸುವ ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್ ಪೂರ್ತಿ ಅದಕ್ಕೇ ಹೋಗುತ್ತದೆ. ಅದೇ ಜಾಗದಲ್ಲಿ ಮೂರು 4ಕೆ ಚಾನೆಲ್ ಹಿಡಿಸುತ್ತವೆ. ಟ್ರಾನ್ಸ್‌ಪಾಂಡರಿನ ಬಾಡಿಗೆ ಕಟ್ಟುವವರು ಯಾರೇ ಆಗಲಿ, ಈ ಲೆಕ್ಕ ನೋಡಿದ ಮೇಲೆ ಒಂದರ ಬದಲು ಮೂರನ್ನೇ ಆರಿಸುತ್ತಾರೆ. ಎಸ್‌ಡಿಯನ್ನೇ ಪೂರ್ತಿ ಬಿಡದ ನಮ್ಮ ಕೇಬಲ್ಲಿನವರ ಮಾತಂತೂ ದೂರ.

ಸಿನಿಮಾದ್ದೂ ಇದೇ ಕಥೆ. ಥಿಯೇಟರಿಗೆ ಹೋಗುವ ಡಿಜಿಟಲ್ ಪ್ರಿಂಟಿನ ಅಳತೆ 2ಕೆ ಇಲ್ಲವೇ 4ಕೆ. ಅದಕ್ಕಿಂತ ಮೇಲಿನ ಅಳತೆ ಆ ವ್ಯವಸ್ಥೆಯಲ್ಲೇ ಇಲ್ಲ. 8ಕೆ ಕ್ಯಾಮೆರಾದಲ್ಲಿ ಶೂಟ್ ಮಾಡಿದ್ದೂ ಎಡಿಟಿಂಗ್ ಮೇಜು ದಾಟುವಾಗ 4ಕೆಗೆ ಇಳಿದಿರುತ್ತದೆ. ನಾನೇ ಎಷ್ಟೋ ಸಲ ಹಾಗೆ ಇಳಿಸಿದ್ದೇನೆ. 8ಕೆ ಕ್ಯಾಮೆರಾ ನಮಗೆ ಬೇಕಾಗುವುದು ಫ್ರೇಮನ್ನು ಆಮೇಲೆ ಕತ್ತರಿಸಿಕೊಳ್ಳಲು, ಅಲುಗಾಟ ಸರಿಪಡಿಸಲು. ನೋಡುಗನಿಗೆ 8ಕೆ ತಲುಪಿಸಬೇಕು ಎಂದು ಇದುವರೆಗೆ ಯಾವ ಗ್ರಾಹಕನೂ ನನ್ನನ್ನು ಕೇಳಿಲ್ಲ.

ಟಿವಿ ತಯಾರಕರಿಗೂ ಇದು ಅರ್ಥವಾಗಿದೆ. ಹೊಸ 8ಕೆ ಟಿವಿ ಮಾಡುವುದಿಲ್ಲ ಎಂದು ಟಿಸಿಎಲ್ 2023ರಲ್ಲಿ ಹೇಳಿತು, ಸೋನಿ 2025ರಲ್ಲಿ ಈ ಸಾಲನ್ನು ನಿಲ್ಲಿಸಿತು. ನಮ್ಮ ಅಂಗಡಿಗಳಲ್ಲಿ ಈಗ 8ಕೆ ಎಂದರೆ ಬಹುಮಟ್ಟಿಗೆ ಸ್ಯಾಮ್‌ಸಂಗ್ ಒಂದೇ. "ಮುಂದೆ ಎಲ್ಲಾ 8ಕೆನೇ" ಎಂಬ ಅಂಗಡಿಯವರ ಮಾತನ್ನು ಇದರ ಪಕ್ಕದಲ್ಲಿಟ್ಟು ತೂಗಬೇಕು.

ಚುಕ್ಕಿ ರಂಗೋಲಿಯ ಲೆಕ್ಕ

ಹಾಗಾದರೆ 8ಕೆ ಟಿವಿ ದಿನವಿಡೀ ತೋರಿಸುವುದು ಏನನ್ನು? ಬಂದ ಚಿಕ್ಕ ಚಿತ್ರವನ್ನು ತಾನೇ ಹಿಗ್ಗಿಸಿ ತೋರಿಸುತ್ತದೆ. ಇದೇ ಅಪ್‌ಸ್ಕೇಲಿಂಗ್. ಈ ಕೆಲಸವನ್ನು ಅರ್ಥಮಾಡಿಕೊಳ್ಳದೆ 8ಕೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಕಷ್ಟ, ಯಾಕೆಂದರೆ ಆ ದುಡ್ಡಿಗೆ ನಿಮಗೆ ಸಿಗುತ್ತಿರುವುದು ಮುಖ್ಯವಾಗಿ ಇದೇ.

ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುವುದನ್ನು ನೆನಪಿಸಿಕೊಳ್ಳಿ. ಒಬ್ಬರು ಚುಕ್ಕಿಗಳನ್ನು ಇಟ್ಟು ಹೋಗಿದ್ದಾರೆ. ಅದೇ ರಂಗೋಲಿಯನ್ನು ಅಡ್ಡಕ್ಕೂ ಉದ್ದಕ್ಕೂ ಎರಡರಷ್ಟು ಒತ್ತಾಗಿ ಇಡಬೇಕು ಎಂದರೆ ಒಂದು ಚುಕ್ಕಿಯಿದ್ದ ಜಾಗಕ್ಕೆ ನಾಲ್ಕು ಬರಬೇಕು. 4ಕೆಯಿಂದ 8ಕೆಗೆ ಹೋಗುವಾಗ ಆಗುವುದು ಇಷ್ಟೇ: ಪರದೆಯ ನಾಲ್ಕು ಚುಕ್ಕಿಗಳಲ್ಲಿ ಒಂದಕ್ಕೆ ಸಾಕಾಗುವಷ್ಟು ಮಾಹಿತಿ ಹೊರಗಿನಿಂದ ಬಂದಿದೆ, ಉಳಿದ ಮೂರು ಊಹೆ. ಫುಲ್ ಎಚ್‌ಡಿಯಿಂದ ಬಂದರೆ ಹದಿನಾರರಲ್ಲಿ ಹದಿನೈದು ಊಹೆ. ಎಸ್‌ಡಿಯಿಂದಾದರೆ ಎಂಬತ್ತರಲ್ಲಿ ಎಪ್ಪತ್ತೊಂಬತ್ತು.

ಊಹೆ ಮಾಡುವುದರಲ್ಲೂ ಎರಡು ಬಗೆ. ಹಳೆಯ ಬಗೆಯಲ್ಲಿ ಅಕ್ಕಪಕ್ಕದ ಚುಕ್ಕಿಗಳ ಬಣ್ಣದ ಸರಾಸರಿ ತೆಗೆದು ನಡುವೆ ತುಂಬುತ್ತಾರೆ. ಇದರಲ್ಲಿ ಮೋಸವಿಲ್ಲ, ಆದರೆ ಅಂಚುಗಳು ಮೆತ್ತಗಾಗುತ್ತವೆ. ಈಚಿನ ದುಬಾರಿ ಟಿವಿಗಳ ಪ್ರೊಸೆಸರುಗಳು ಲಕ್ಷಾಂತರ ಚಿತ್ರಗಳ ಚಿಕ್ಕ ರೂಪ, ದೊಡ್ಡ ರೂಪ ಎರಡನ್ನೂ ನೋಡಿ ತರಬೇತಾದ ನ್ಯೂರಲ್ ನೆಟ್‌ವರ್ಕ್ ಬಳಸುತ್ತವೆ. ಸಾವಿರ ರಂಗೋಲಿ ಹಾಕಿದ ಅಜ್ಜಿ ಎರಡು ಚುಕ್ಕಿ ಕಂಡ ಕೂಡಲೇ ನಡುವಿನ ಎಳೆ ಎಲ್ಲಿ ಬಾಗುತ್ತದೆ ಎಂದು ಹೇಳಬಲ್ಲಳಲ್ಲ, ಹಾಗೆ. ಮುಖದ ಅಂಚು, ಕಣ್ಣಿನ ರೆಪ್ಪೆ, ಅಕ್ಷರದ ಗೆರೆ, ಕಟ್ಟಡದ ಮೂಲೆ ಇಂಥವನ್ನು ಈ ಪ್ರೊಸೆಸರುಗಳು ಚೆನ್ನಾಗಿ ಎಳೆಯುತ್ತವೆ. ಒಳ್ಳೆಯ 4ಕೆ ಸಿನಿಮಾ ಕೊಟ್ಟರೆ 8ಕೆ ಪರದೆಯ ಮೇಲೆ ಅದು ನಿಜಕ್ಕೂ ಸೊಗಸಾಗಿ ಕಾಣುತ್ತದೆ. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಅಜ್ಜಿಯ ಊಹೆ ಸರಿಹೋಗುವುದು ಇಟ್ಟ ಚುಕ್ಕಿ ಸರಿಯಾಗಿದ್ದರೆ ಮಾತ್ರ. ರಾತ್ರಿ ಮಳೆ ಬಂದು ಅರ್ಧ ಅಳಿಸಿಹೋಗಿದ್ದರೆ? ಟಿವಿಗೆ ಬರುವ ಚಿತ್ರದ ಸ್ಥಿತಿ ಹೆಚ್ಚಾಗಿ ಅದೇ. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್ ಇಂಟರ್ನೆಟ್. 4ಕೆ ಬ್ಲೂ-ರೇ ಡಿಸ್ಕಿನಲ್ಲಿ ಆ ವೇಗ 100 ದಾಟಬಹುದು. ಎರಡರ ಮೇಲೂ 4ಕೆ ಎಂದೇ ಬರೆದಿರುತ್ತದೆ. ಕಡಿಮೆ ಜಾಗದಲ್ಲಿ ತುರುಕುವಾಗ ಮೊದಲು ಹೋಗುವುದು ಹುಲ್ಲಿನ ಎಸಳು, ಗಡ್ಡದ ಕೂದಲು, ಇಳಕಲ್ ಸೀರೆಯ ಸಣ್ಣ ಚೌಕಳಿಯಂಥ ನವಿರು ವಿವರ. ಅದು ಹೋದ ಮೇಲೆ ಪರದೆಗೆ ಚುಕ್ಕಿ ಎಷ್ಟಿದ್ದರೂ ಮರಳಿ ಬರುವುದಿಲ್ಲ. ಅಪ್‌ಸ್ಕೇಲರ್ ಅಲ್ಲಿ ಹುಲ್ಲಿನಂಥ ಏನನ್ನೋ ಬಿಡಿಸುತ್ತದೆ, ಕ್ಯಾಮೆರಾ ಕಂಡ ಹುಲ್ಲನ್ನಲ್ಲ.

ಊಹೆ ಕೈಕೊಟ್ಟದ್ದನ್ನು ಗುರುತಿಸುವುದು ಕಷ್ಟವಲ್ಲ. ಸುದ್ದಿ ಚಾನೆಲ್ಲಿನ ಕೆಳಗೆ ಓಡುವ ಸಾಲನ್ನು ನೋಡಿ. ಎಸ್‌ಡಿಯಲ್ಲಿ ನಮ್ಮ ಒತ್ತಕ್ಷರಗಳ ಒಳಗಿನ ಪುಟ್ಟ ಖಾಲಿ ಜಾಗ ಮೂರು ನಾಲ್ಕು ಚುಕ್ಕಿಯಷ್ಟೇ ಇರುತ್ತದೆ. ಕೆಟ್ಟ ಅಪ್‌ಸ್ಕೇಲರ್ ಅದನ್ನು ಮುಚ್ಚಿಹಾಕಿ, ಅಕ್ಷರದ ಸುತ್ತ ಬೆಳ್ಳಗಿನ ಒಂದು ಅಂಚು ಕಟ್ಟುತ್ತದೆ, ಆ ಅಂಚಿನ ಸುತ್ತ ಸೊಳ್ಳೆ ಹಾರಿದ ಹಾಗೆ ಕಣಗಳು ಮಿನುಗುತ್ತವೆ. ಧಾರಾವಾಹಿಯ ಮುಖಗಳು ಮೇಣದ ಗೊಂಬೆಯಂತೆ ನುಣ್ಣಗಾಗುತ್ತವೆ, ರೆಪ್ಪೆ ಮಾತ್ರ ಕತ್ತರಿಸಿ ಅಂಟಿಸಿದಷ್ಟು ಚೂಪು. ಸೀರೆಯ ಚೌಕಳಿ ಪಾತ್ರ ನಡೆದಾಗಲೆಲ್ಲ ಇರುವೆ ಹರಿದಂತೆ ಅಲುಗುತ್ತದೆ.

ಇನ್ನೊಂದು ಮಾತು. ಈ ತರಬೇತಾದ ಅಪ್‌ಸ್ಕೇಲಿಂಗ್ 8ಕೆ ಟಿವಿಗಳ ಸ್ವತ್ತೇನಲ್ಲ. ದೊಡ್ಡ ಕಂಪನಿಗಳ ಮೇಲುದರ್ಜೆಯ 4ಕೆ ಟಿವಿಗಳಲ್ಲೂ ಅದೇ ಜಾತಿಯ ಪ್ರೊಸೆಸರ್ ಇರುತ್ತದೆ, ಮತ್ತು ಅಲ್ಲಿ ಅದರ ಕೆಲಸ ಹಗುರ. ಎಚ್‌ಡಿ ಚಿತ್ರವನ್ನು 4ಕೆಗೆ ಏರಿಸುವಾಗ ನಾಲ್ಕರಲ್ಲಿ ಮೂರು ಊಹಿಸಿದರೆ ಸಾಕು, ಹದಿನಾರರಲ್ಲಿ ಹದಿನೈದು ಬೇಕಿಲ್ಲ. 8ಕೆ ಟಿವಿಯಲ್ಲಿ ಧಾರಾವಾಹಿ ಚೆನ್ನಾಗಿ ಕಂಡಿತು ಎಂದು ಯಾರಾದರೂ ಹೇಳಿದರೆ ಸುಳ್ಳೇನಲ್ಲ, ಆದರೆ ಅವರು ಹೊಗಳುತ್ತಿರುವುದು ಆ ಟಿವಿಯ ಪ್ರೊಸೆಸರನ್ನೂ ಬೆಳಕನ್ನೂ. 3.3 ಕೋಟಿ ಚುಕ್ಕಿಗಳನ್ನಲ್ಲ.

ಕಣ್ಣಿಗೆ ಎಷ್ಟು ಕಾಣುತ್ತದೆ

ಊಹೆ ಎಷ್ಟೇ ಚೆನ್ನಾಗಿರಲಿ, ಕೂತ ಜಾಗದಿಂದ ಕಣ್ಣಿಗೆ ಕಾಣದಿದ್ದರೆ ಅದಕ್ಕೆ ದುಡ್ಡು ಕೊಡುವುದೇಕೆ?

ಕಣ್ಣಿನ ಡಾಕ್ಟರು 6/6 ಎಂದು ಬರೆದುಕೊಟ್ಟರೆ, ಸ್ಥೂಲವಾಗಿ, ನೋಟದ ಒಂದು ಡಿಗ್ರಿಯೊಳಗೆ 60 ಚುಕ್ಕಿಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಕಣ್ಣು ಎಂದರ್ಥ. ಆದರೆ ಅದು ಚಾರ್ಟ್ ಓದುವ ಲೆಕ್ಕ. ಕೇಂಬ್ರಿಜ್ ವಿಶ್ವವಿದ್ಯಾಲಯದವರು ಮೆಟಾ ಕಂಪನಿಯ ಸಂಶೋಧಕರ ಜೊತೆ ಸೇರಿ ಪರದೆಯ ಮೇಲೇ ಅಳೆದು 2025ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕಪ್ಪುಬಿಳುಪು ವಿವರಕ್ಕೆ ಕಣ್ಣಿನ ಮಿತಿ ಸರಾಸರಿ 94 ಚುಕ್ಕಿಯವರೆಗೆ ಹೋಗುತ್ತದೆ. ಹಳದಿ-ನೇರಳೆಯಂಥ ಬಣ್ಣದ ವಿವರಕ್ಕಾದರೆ 53ಕ್ಕೇ ನಿಲ್ಲುತ್ತದೆ.

ಇದನ್ನು ಟೇಪಿನ ಲೆಕ್ಕಕ್ಕೆ ಇಳಿಸಿಕೊಂಡರೆ ಎರಡು ಸುಲಭ ಭಾಗಾಕಾರ ಸಿಗುತ್ತವೆ. ಟಿವಿಯ ಇಂಚನ್ನು 15ರಿಂದ ಭಾಗಿಸಿ. ಬಂದಷ್ಟು ಅಡಿಗಿಂತ ದೂರ ಕೂತರೆ 6/6 ಕಣ್ಣಿಗೆ 4ಕೆಯ ಚುಕ್ಕಿಗಳೇ ಬೇರೆಯಾಗಿ ಕಾಣುವುದಿಲ್ಲ, 8ಕೆಯ ಮಾತೇ ಇಲ್ಲ. ಕೇಂಬ್ರಿಜ್‌ನ 94ರ ಲೆಕ್ಕ ಹಿಡಿಯುವುದಾದರೆ 15ರ ಬದಲು 10ರಿಂದ ಭಾಗಿಸಿ.

ಭಾವನ ಹಾಲ್ ಹದಿನಾಲ್ಕು ಅಡಿ ಉದ್ದ. ಟಿವಿ ಗೋಡೆಯಿಂದ ಸೋಫಾದಲ್ಲಿ ಕೂತವರ ಕಣ್ಣಿಗೆ ಟೇಪ್ ಹಿಡಿದಾಗ ಹತ್ತು ಅಡಿ ಬಂತು. 65 ಇಂಚಿಗೆ ಮೊದಲ ಲೆಕ್ಕದಲ್ಲಿ ನಾಲ್ಕೂಕಾಲು ಅಡಿ, ಎರಡನೆಯದರಲ್ಲಿ ಆರೂವರೆ ಅಡಿ. ಅಂದರೆ ಅವರು ಸೋಫಾವನ್ನು ಮೂರೂವರೆ ಅಡಿ ಮುಂದಕ್ಕೆ ಎಳೆದು, ಟೀಪಾಯಿ ಎತ್ತಿಟ್ಟು, ಅಲ್ಲಿ ಕೂತರೆ ಮಾತ್ರ 8ಕೆಯ ಬಾಗಿಲು ತೆರೆಯಲು ಶುರುವಾಗುತ್ತದೆ, ಅದೂ ಚುರುಕು ಕಣ್ಣಿನವರಿಗೆ. ಹತ್ತು ಅಡಿಯಲ್ಲೇ ಕೂತು 8ಕೆ ಸಾರ್ಥಕವಾಗಬೇಕಾದರೆ ಪರದೆ 100 ಇಂಚು ದಾಟಬೇಕು. ಮೊದಲ ಲೆಕ್ಕ ಹಿಡಿದರೆ 150. ನಿಜ ಹೇಳಬೇಕೆಂದರೆ ಹತ್ತು ಅಡಿಯಿಂದ 65 ಇಂಚಿನಲ್ಲಿ ಫುಲ್ ಎಚ್‌ಡಿಯ ಚುಕ್ಕಿಗಳೂ 6/6 ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಭಾವನಿಗೆ ಐವತ್ತೆಂಟು, ಅವರ ತಾಯಿಗೆ ಎಂಬತ್ತೊಂದು ಮತ್ತು ಒಂದು ಕಣ್ಣಿಗೆ ಪೊರೆ. ಮನೆಯಲ್ಲಿ ಚುರುಕು ಕಣ್ಣಿನವಳು ಮಗಳೊಬ್ಬಳೇ, ಅವಳು ನೋಡುವುದು ಮೊಬೈಲಿನಲ್ಲಿ.

ಇದು ಕಾಗದದ ಲೆಕ್ಕ ಎಂದು ಸಂಶಯ ಬಂದರೆ, 2020ರಲ್ಲಿ ಹಾಲಿವುಡ್ಡಿನ ವಾರ್ನರ್ ಬ್ರದರ್ಸ್ ಸ್ಟುಡಿಯೊದವರು ಪಿಕ್ಸಾರ್, ಅಮೆಜಾನ್, ಎಲ್‌ಜಿಯವರ ಜೊತೆ ಸೇರಿ ಇದನ್ನೇ ಪರೀಕ್ಷಿಸಿದ್ದಾರೆ. ಎಲ್‌ಜಿಯ 88 ಇಂಚಿನ 8ಕೆ ಓಎಲ್‌ಇಡಿ ಪರದೆ, 139 ಜನ. ಒಂದೇ ದೃಶ್ಯದ 8ಕೆ ರೂಪ ಮತ್ತು 4ಕೆಗೆ ಇಳಿಸಿದ ರೂಪ, ಯಾವುದು ಯಾವುದೆಂದು ಹೇಳದೆ ತೋರಿಸಿದರು. ಮುಂದಿನ ಸಾಲು ಪರದೆಯಿಂದ ಐದೇ ಅಡಿ. ಹೆಚ್ಚಿನವರಿಗೆ ಎರಡೂ ಒಂದೇ ಥರ ಕಂಡವು. ಮುಂದಿನ ಸಾಲಿನಲ್ಲಿದ್ದ, 6/6ಕ್ಕಿಂತ ತೀಕ್ಷ್ಣ ದೃಷ್ಟಿಯವರು ಮಾತ್ರ 8ಕೆ ಸ್ವಲ್ಪ ಮೇಲು ಎಂದರು. ಅಲ್ಲಿ ಅವರ ಮುಂದೆ ಇದ್ದದ್ದು ಅಪ್ಪಟ 8ಕೆ ಚಿತ್ರ ಎಂಬುದನ್ನು ಮರೆಯಬಾರದು. ನಮ್ಮ ಮನೆಗೆ ಬರುವುದು ಊಹಿಸಿದ 8ಕೆ.

ಅಂಗಡಿಯಲ್ಲಿ ನಾವು ಮಾಡಿದ ಪರೀಕ್ಷೆ

ಭಾವನಿಗೆ ಲೆಕ್ಕ ಒಪ್ಪಿಗೆಯಾಗಲಿಲ್ಲ. "ನಾನು ಕಣ್ಣಾರೆ ನೋಡೀನಿ, ಜೇನುಹನಿ ಬೀಳೋದು ಹಂಗೇ ಕಾಣ್ತಿತ್ತು" ಅಂದರು. ಅಂಗಡಿಯ ಡೆಮೊ ವಿಡಿಯೊ ಯಾವಾಗಲೂ ಹಾಗೇ. ಅದು ಟಿವಿಯಲ್ಲೇ ತುಂಬಿಟ್ಟ, ಹೆಚ್ಚು ಹಿಂಡದ, ನಿಧಾನವಾಗಿ ಸರಿಯುವ ಅಪ್ಪಟ 8ಕೆ. ನೋಡುವವರು ನಿಲ್ಲುವುದು ಮೂರಡಿ ದೂರದಲ್ಲಿ. ಜೊತೆಗೆ ಟಿವಿ ಅಂಗಡಿಗೆಂದೇ ಇರುವ ಕಣ್ಣುಕುಕ್ಕುವ ಮೋಡ್‌ನಲ್ಲಿ ಇರುತ್ತದೆ.

ಆದ್ದರಿಂದ ಅಂಗಡಿಗೇ ಹೋದೆವು. ಮೊದಲು ಪಿಕ್ಚರ್ ಮೋಡನ್ನು Filmmaker Mode ಗೆ ಬದಲಾಯಿಸಿದೆ. ಬಣ್ಣ ಪೆಚ್ಚಾಯಿತು ಎಂದು ಸೇಲ್ಸ್ ಹುಡುಗ ಮುಖ ಸಿಂಡರಿಸಿದ. ನಂತರ ದೂರ. ನೆಲಕ್ಕೆ ಹಾಸಿದ್ದು ಎರಡಡಿಯ ಟೈಲ್ಸ್. ಐದು ಟೈಲ್ಸ್ ಎಣಿಸಿ ಕುರ್ಚಿ ಹಾಕಿ ಭಾವನನ್ನು ಕೂರಿಸಿದೆವು. ನನ್ನ ಫೋನಿನ 5ಜಿ ಹಾಟ್‌ಸ್ಪಾಟಿನಿಂದ ಟಿವಿಯ ಯೂಟ್ಯೂಬ್ ತೆರೆದು ಒಂದು 8ಕೆ ವಿಡಿಯೊ ಹಾಕಿದೆ. ಇಲ್ಲಿ ಒಂದು ಎಚ್ಚರ ಬೇಕು: ನೆಟ್ ನಿಧಾನವಾದರೆ ಯೂಟ್ಯೂಬ್ ಸದ್ದಿಲ್ಲದೆ ಕೆಳಗಿಳಿದುಬಿಡುತ್ತದೆ. ಸೆಟ್ಟಿಂಗ್ಸಿನಲ್ಲಿ Stats for nerds ಆನ್ ಮಾಡಿ 7680x4320 ಎಂದು ತೋರಿಸುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಖಾತ್ರಿಯಾದ ಮೇಲೆ ಆ ಪಟ್ಟಿಯನ್ನು ಮುಚ್ಚಿದೆ.

ಆಮೇಲೆ ಆಟ ಶುರು. ಭಾವ ಕಣ್ಣು ಮುಚ್ಚಿಕೊಳ್ಳುವುದು, ನಾನು ಕ್ವಾಲಿಟಿಯನ್ನು 4320p ಇಲ್ಲವೇ 2160p ಗೆ ಬದಲಾಯಿಸಿ ಚಿತ್ರ ತಿಳಿಯಾಗುವವರೆಗೆ ಕಾಯುವುದು, ಅವರು ಕಣ್ಣು ಬಿಟ್ಟು ಯಾವುದೆಂದು ಹೇಳುವುದು. ಹತ್ತು ಸಲ ಮಾಡಿದೆವು. ಆರು ಸರಿಯಾಯಿತು. ಕಣ್ಣು ಮುಚ್ಚಿಯೇ ಹೇಳಿದ್ದರೂ ಐದು ಸರಿಯಾಗುತ್ತಿತ್ತು. ಕುರ್ಚಿಯನ್ನು ಒಂದೂವರೆ ಟೈಲ್ಸ್ ದೂರಕ್ಕೆ ತಂದಾಗ ಒಂಬತ್ತು ಸರಿಯಾಯಿತು. ಹತ್ತಿರದಲ್ಲಿ ಕಂಡ ಆ ವ್ಯತ್ಯಾಸವೂ ಪೂರ್ತಿ ಚುಕ್ಕಿಯದ್ದಲ್ಲ, ಯಾಕೆಂದರೆ ಯೂಟ್ಯೂಬ್ 4320p ಗೆ ಹೆಚ್ಚು ಡೇಟಾ ಕೊಡುತ್ತದೆ, ಅದರಿಂದಲೂ ಚಿತ್ರ ಗಟ್ಟಿಯಾಗುತ್ತದೆ.

ಎರಡನೆಯ ಪರೀಕ್ಷೆಗೆ ಅಕ್ಕನ ಇಷ್ಟದ ಒಂದು ಹಳೆಯ ಹಾಡನ್ನು 480p ಯಲ್ಲಿ 8ಕೆ ಟಿವಿಯಲ್ಲೂ ಪಕ್ಕದ 85 ಇಂಚಿನ 4ಕೆಯಲ್ಲೂ ಹಾಕಿದೆವು. ಎರಡೂ ಒಂದೇ ಕಂಪನಿಯ ಮೇಲುದರ್ಜೆಯ ಮಾಡೆಲ್. ಹತ್ತಡಿಯಿಂದ 8ಕೆಯಲ್ಲಿ ಮುಖ ತುಸು ಚೊಕ್ಕಟವಾಗಿ ಕಂಡಿತು. 85ರಲ್ಲಿ ಅದೇ ಮುಖ ದೊಡ್ಡದಾಗಿ, ಅಷ್ಟೇ ದೊಡ್ಡ ಹುಳುಕುಗಳ ಸಮೇತ ಕಂಡಿತು. ಇದನ್ನು ಮುಚ್ಚಿಡಬಾರದು: ಕೆಟ್ಟ ಮೂಲಚಿತ್ರ ದೊಡ್ಡ ಪರದೆಯಲ್ಲಿ ಇನ್ನೂ ಕೆಟ್ಟದಾಗಿ ಕಾಣುತ್ತದೆ. ದಿನವಿಡೀ ಎಸ್‌ಡಿ ಚಾನೆಲ್ ಓಡುವ ಮನೆಗೆ 85 ಇಂಚು ವರವೇನಲ್ಲ. ಅಂಥವರು ಮೊದಲು ಎಚ್‌ಡಿ ಪ್ಯಾಕ್ ಹಾಕಿಸಬೇಕು. ಯಾವ ಪ್ರೊಸೆಸರ್ ಮಾಡುವ ಊಹೆಗಿಂತಲೂ ಅದರಿಂದ ಹೆಚ್ಚು ಸಿಗುತ್ತದೆ.

ಮೂರರಲ್ಲಿ ಯಾವುದು

ಮೂರು ಲಕ್ಷವನ್ನು ಚುಕ್ಕಿಗೆ ಸುರಿಯಬೇಕೋ, ಅಳತೆಗೋ, ಕಪ್ಪಿನ ಆಳಕ್ಕೋ ಎಂಬುದೇ ಇಲ್ಲಿನ ಆಯ್ಕೆ. ಹತ್ತಡಿಯಿಂದ ಚುಕ್ಕಿ ಕಾಣದು. ಅಳತೆ ಮೊದಲ ನೋಟಕ್ಕೇ ಕಾಣುತ್ತದೆ. 65ರಿಂದ 85ಕ್ಕೆ ಹೋದರೆ ಪರದೆಯ ವಿಸ್ತೀರ್ಣ ಸುಮಾರು 70 ಪ್ರತಿಶತ ಹೆಚ್ಚುತ್ತದೆ, ಕ್ರಿಕೆಟ್ಟಿನಲ್ಲಿ ಚೆಂಡನ್ನು ಹುಡುಕುವ ಕೆಲಸ ತಪ್ಪುತ್ತದೆ. ಕಪ್ಪಿನ ಆಳವೂ ಹಾಗೆಯೇ: ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗಿ ತಾನೇ ಆರುವುದರಿಂದ ರಾತ್ರಿಯ ದೃಶ್ಯ ಬೂದಿ ಬಳಿದಂತೆ ಆಗುವುದಿಲ್ಲ. ಹಗಲಲ್ಲಿ ಕಿಟಕಿ ತೆರೆದಿರುವ ಹಾಲ್‌ಗೆ, ಪರದೆಯ ಹಿಂದೆ ಪುಟ್ಟ ಪುಟ್ಟ ದೀಪಗಳಿರುವ ಮಿನಿ ಎಲ್‌ಇಡಿಯ ಪ್ರಖರತೆ ಹೆಚ್ಚು ಒಗ್ಗುತ್ತದೆ.

8ಕೆಗೆ ಬೆಳಕಿನಲ್ಲಿ ಒಂದು ಹಿನ್ನಡೆಯೂ ಇದೆ. ಅದೇ ಅಳತೆಯ ಗಾಜಿನಲ್ಲಿ ನಾಲ್ಕು ಪಟ್ಟು ಚುಕ್ಕಿ ತುರುಕಿದಾಗ ಪ್ರತಿ ಚುಕ್ಕಿಯ ಸುತ್ತಲಿನ ತಂತಿ, ಟ್ರಾನ್ಸಿಸ್ಟರುಗಳೂ ಹೆಚ್ಚಿ ಬೆಳಕು ಹೊರಬರುವ ಕಿಂಡಿ ಕಿರಿದಾಗುತ್ತದೆ. ಅಷ್ಟೇ ಹೊಳಪು ಬೇಕೆಂದರೆ ಹಿಂದಿನ ದೀಪ ಹೆಚ್ಚು ಉರಿಯಬೇಕು. ಯುರೋಪಿನಲ್ಲಿ 2023ರ ಮಾರ್ಚ್‌ನಿಂದ ವಿದ್ಯುತ್ ಬಳಕೆಯ ಮಿತಿ 8ಕೆ ಟಿವಿಗಳಿಗೂ ಅನ್ವಯವಾದಾಗ ತಯಾರಕರು ಪೇಚಿಗೆ ಸಿಕ್ಕಿದ್ದು ಇದರಿಂದಲೇ. ಕೊನೆಗೆ ಪೆಟ್ಟಿಗೆಯಿಂದ ತೆಗೆದಾಗ ಮಬ್ಬಾದ ಮೋಡ್‌ನಲ್ಲಿ ಶುರುವಾಗುವಂತೆ ಮಾಡಿ ಮಿತಿಯೊಳಗೆ ನುಸುಳಿದರು.

"ಮುಂದೆ ಬಂದ್ರೆ?" ಎಂಬ ಭಾವನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ ಇತ್ತು. ಬಂದಾಗ ಆ 8ಕೆಯನ್ನು ಬಿಚ್ಚುವ ಚಿಪ್ ಇವತ್ತಿನ ಟಿವಿಯಲ್ಲಿ ಇರಬೇಕಲ್ಲ? ಟಿವಿಯಲ್ಲಿ ಯೂಟ್ಯೂಬಿನ 8ಕೆಗೆ ಎವಿ1 ಎಂಬ ಕೋಡೆಕ್, ಅಂದರೆ ವಿಡಿಯೊವನ್ನು ಹಿಂಡಿ ಬಿಚ್ಚುವ ವಿಧಾನ, ಬೇಕು. 2018ರ ಹೊತ್ತಿನ ಮೊದಲ 8ಕೆ ಟಿವಿಗಳಲ್ಲಿ ಅದು ಇರಲೇ ಇಲ್ಲ. ಮುಂದಿನದಕ್ಕೆಂದು ಮುಂಗಡವಾಗಿ ದುಡ್ಡು ಸುರಿದವರ ಪರದೆಯಲ್ಲಿ ಚುಕ್ಕಿಗಳಿದ್ದವು, ಅವಕ್ಕೆ ಚಿತ್ರ ತಲುಪಿಸುವ ದಾರಿ ಇರಲಿಲ್ಲ. ಇಂದು ಎರಡು ಲಕ್ಷ ಖರ್ಚು ಮಾಡಿ, ಉಳಿದ ಒಂದನ್ನು ಬ್ಯಾಂಕಿನಲ್ಲಿಟ್ಟು, ಆರು ವರ್ಷದ ಮೇಲೆ ಬೇಕಿದ್ದರೆ ಹೊಸದು ತರುವುದೇ ನಿಜವಾದ ಮುಂದಾಲೋಚನೆ.

ಹಾಗೆಂದು 8ಕೆ ಯಾರಿಗೂ ಬೇಡ ಎನ್ನಲಾರೆ. 98 ಇಂಚಿನ ಪರದೆ ಹಾಕಿ ಏಳೆಂಟು ಅಡಿಯಲ್ಲಿ ಕೂರುವ ಹೋಂ ಥಿಯೇಟರಿನವರಿಗೆ ಅದು ಅರ್ಥಪೂರ್ಣ. ಇನ್ನೊಬ್ಬರು, ಯಾರೂ ಲೆಕ್ಕಕ್ಕೆ ಹಿಡಿಯದವರು, ಫೋಟೊಗ್ರಾಫರುಗಳು. 45 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದೊಂದು ಫೋಟೊದಲ್ಲೂ 8ಕೆ ಪರದೆಯನ್ನು ತುಂಬಿ ಮಿಗುವಷ್ಟು ಚುಕ್ಕಿಗಳಿವೆ. ಊಹೆಯ ಅಗತ್ಯವೇ ಇಲ್ಲದ 8ಕೆ ಎಂದರೆ ಇದು. ಕಬಿನಿಯ ಹುಲಿಯನ್ನು ಹತ್ತಿರ ಹೋಗಿ ಮೀಸೆ ಎಣಿಸುವಷ್ಟು ನೋಡಬೇಕೆನ್ನುವವರು ಕೊಳ್ಳಲಿ. ಕೊಳ್ಳುವ ಮುಂಚೆ ಟಿವಿಯ ಫೋಟೊ ಆ್ಯಪ್ ನಿಜಕ್ಕೂ 8ಕೆಯಲ್ಲೇ ತೋರಿಸುತ್ತದೆಯೇ ಎಂದು ತಮ್ಮದೇ ಪೆನ್‌ಡ್ರೈವ್ ಚುಚ್ಚಿ ನೋಡಬೇಕು. ಗೇಮ್ ಆಡುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ: ಅಷ್ಟು ಚುಕ್ಕಿ ಓಡಿಸಿದರೆ ಎಂಥ ಗ್ರಾಫಿಕ್ಸ್ ಕಾರ್ಡೂ ಏದುಸಿರು ಬಿಡುತ್ತದೆ, ಗೇಮಿನಲ್ಲಿ ವೇಗವೇ ಮುಖ್ಯ.

ಭಾವ ಕೊನೆಗೆ ನನ್ನ ಮೂರರಲ್ಲಿ ಯಾವುದನ್ನೂ ತೆಗೆದುಕೊಳ್ಳಲಿಲ್ಲ. 85 ಇಂಚು ಗೋಡೆಯಲ್ಲಿ ದೇವರ ಮನೆಯ ಬಾಗಿಲಿಗೆ ತಾಗುತ್ತದೆ ಎಂದು ಅಕ್ಕ ಟೇಪ್ ಹಿಡಿದು ತೋರಿಸಿದರು. 75 ಇಂಚಿನ ಮಿನಿ ಎಲ್‌ಇಡಿ 4ಕೆ ಬಂತು, ಒಂದೂಮುಕ್ಕಾಲು ಲಕ್ಷಕ್ಕೆ. ಅದಕ್ಕೆ ವಾರಂಟಿ ವಿಸ್ತರಿಸಿಕೊಂಡರು, ಅದು ಒಳ್ಳೆಯದೇ. ಇಷ್ಟು ದೊಡ್ಡ ಪ್ಯಾನೆಲ್ ಕೆಟ್ಟರೆ ಬದಲಿಸುವ ಖರ್ಚು ಹೊಸ ಟಿವಿಯ ಹತ್ತಿರಕ್ಕೇ ಹೋಗುತ್ತದೆ.

ಟಿವಿ ಬಂದ ಮೂರನೇ ದಿನ ಮತ್ತೆ ಫೋನ್. "ಸುದ್ದಿ ಅಕ್ಷರ ಹಳೇ ಟಿವಿಗಿಂತ ಕಡೆಯಾಗಿ ಕಾಣ್ತವೆ ಅಂತಾಳೆ ಅವ್ವ." ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗ್ ಓದಿಸಿದೆ. ಬಾಕ್ಸ್ ತಾನೇ ಎಸ್‌ಡಿಯನ್ನು 1080ಕ್ಕೆ ಹಿಗ್ಗಿಸಿ ಕಳಿಸುತ್ತಿತ್ತು. ಆ ಅಗ್ಗದ ಚಿಪ್ ಎಳೆದ ವಕ್ರ ಗೆರೆಗಳನ್ನೇ ನಿಜವೆಂದು ನಂಬಿ ಹೊಸ ಟಿವಿ ಇನ್ನಷ್ಟು ಹಿಗ್ಗಿಸುತ್ತಿತ್ತು. ಬಂದ ಚಿತ್ರವನ್ನು ಬಂದ ಅಳತೆಯಲ್ಲೇ ದಾಟಿಸುವಂತೆ ಬಾಕ್ಸಿನ ಔಟ್‌ಪುಟ್ ಬದಲಾಯಿಸಿ, ಟಿವಿಯ ಶಾರ್ಪ್‌ನೆಸ್ಸನ್ನು ಐವತ್ತರಿಂದ ಹತ್ತಕ್ಕೆ ಇಳಿಸಲು ಹೇಳಿದೆ. ಭಾವ ಫೋನ್ ಹಿಡಿದುಕೊಂಡೇ ಒಂದೊಂದಾಗಿ ಒತ್ತಿದರು. ಚಾನೆಲ್ ಬದಲಿಸುವಾಗ ಈಗ ಒಂದು ಸೆಕೆಂಡ್ ಪರದೆ ಕಪ್ಪಾಗುತ್ತದೆ, ಅದೊಂದು ಕಿರಿಕಿರಿ. ಆದರೆ ಒತ್ತಕ್ಷರದ ಒಳಗಿನ ಜಾಗ ತೆರೆದುಕೊಂಡಿದೆಯಂತೆ.